ಅರ್ಧ ಟ್ಯಾಂಕ್ ತುಂಬಿಸಿದರೆ ಅರ್ಧ ಆಳದಲ್ಲಿ ನಿಲ್ಲಲ್ಲ

"ಬ್ಯಾಲಾಸ್ಟ್ ಟ್ಯಾಂಕಿಗೆ ಅರ್ಧ ನೀರು ಬಿಟ್ಟರೆ ಸಬ್‌ಮರೀನ್ ನಡುನೀರಲ್ಲಿ ನಿಲ್ಲುತ್ತಾ?"

ಇಲ್ಲ. ಬ್ಯಾಲಾಸ್ಟ್ ಟ್ಯಾಂಕ್ ಅಂದರೆ ಮುಳುಗಲು ನೀರು, ತೇಲಲು ಗಾಳಿ ತುಂಬುವ ದೊಡ್ಡ ಟ್ಯಾಂಕ್. ಅರ್ಧ ನೀರು ಬಿಟ್ಟರೆ ಉಳಿದರ್ಧದಲ್ಲಿ ಗಾಳಿ ಇರುತ್ತದೆ ಅಲ್ವಾ, ಅದೇ ತೊಂದರೆ. ಸ್ವಲ್ಪ ಕೆಳಗಿಳಿದರೂ ನೀರಿನ ಒತ್ತಡಕ್ಕೆ ಆ ಗಾಳಿ ಕುಗ್ಗಿ ಕೆಳಗಿನಿಂದ ಇನ್ನಷ್ಟು ನೀರು ಒಳಗೆ ಬರುತ್ತದೆ, ಭಾರ ಹೆಚ್ಚುತ್ತದೆ, ಇನ್ನೂ ವೇಗವಾಗಿ ಮುಳುಗುತ್ತದೆ.

ಹಾಗಾಗಿ ದೊಡ್ಡ ಟ್ಯಾಂಕುಗಳು ಒಂದೋ ಪೂರ್ತಿ ಖಾಲಿ, ಇಲ್ಲವೋ ಪೂರ್ತಿ ಭರ್ತಿ. ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್ ಟೈಪ್ 7ಸಿ ತಗೊಳ್ಳಿ: ಮೇಲಿದ್ದಾಗ 769 ಟನ್, ಮುಳುಗಿದಾಗ 871. ಆ ನೂರು ಚಿಲ್ಲರೆ ಟನ್ ಬ್ಯಾಲಾಸ್ಟ್ ನೀರಿನದು. ಟ್ಯಾಂಕಿನ ಮೇಲಿನ ವಾಲ್ವ್ ತೆರೆದರೆ ಗಾಳಿ ಹೊರಗೆ, ಕೆಳಗಿನಿಂದ ನೀರು ಒಳಗೆ.

ನಿಲ್ಲಿಸುವ ಕೆಲಸ ಚಿಕ್ಕ ಟ್ರಿಮ್ ಟ್ಯಾಂಕುಗಳದ್ದು. ಪಂಪಿನಿಂದ ಸ್ವಲ್ಪ ನೀರು ಒಳಗೆ, ಸ್ವಲ್ಪ ಹೊರಗೆ. ಆಳಕ್ಕೆ ಹೋದಂತೆ ಉಕ್ಕಿನ ಒಡಲೇ ಚೂರು ಕುಗ್ಗಿ ತೇಲುವ ಬಲ ಕಡಿಮೆಯಾಗುತ್ತದೆ, ಆಗ ನೀರು ಹೊರಹಾಕಬೇಕು. ಸುಮ್ನೆ ಬಿಟ್ಟರೆ ನಿಲ್ಲುವುದಿಲ್ಲ. ಚಲಿಸುತ್ತಿದ್ದರೆ ಸುಲಭ, ರೆಕ್ಕೆಯಂಥ ಹೈಡ್ರೋಪ್ಲೇನುಗಳೇ ಆಳ ಕಾಯುತ್ತವೆ.

ಮೇಲೆ ಬರಲು ಸಿಲಿಂಡರಿನ ಒತ್ತಿದ ಗಾಳಿಯಿಂದ ನೀರನ್ನು ತಳ್ಳುತ್ತಾರೆ. ಆದರೆ 200 ಮೀಟರ್ ಆಳದಲ್ಲಿ ಒತ್ತಡ ಮೇಲಿಗಿಂತ ಸುಮಾರು 21 ಪಟ್ಟು, ಅಷ್ಟೇ ಜಾಸ್ತಿ ಗಾಳಿ ಖರ್ಚು. ಅದಕ್ಕೇ ತುರ್ತಿಲ್ಲದಿದ್ದರೆ ಮೊದಲು ಮೋಟರ್ ಬಲದಲ್ಲೇ ಮೇಲೇರಿ, ಆಮೇಲೆ ಟ್ಯಾಂಕಿಗೆ ಗಾಳಿ ಬಿಡುತ್ತಾರೆ.