ಹುಕ್ ಬಿಚ್ಚದೆ ತುಕ್ಕಿನ ಕಲೆಗೆ ಕೈ ಹಾಕಬೇಡಿ

ಪ್ರಶ್ನೆ: ಬಿಳಿ ಹತ್ತಿಯ ಕುಪ್ಪಸದಲ್ಲಿ ಹುಕ್ ಇರುವ ಕಡೆ ತುಕ್ಕಿನ ಕಲೆಯಾಗಿದೆ. ಎಷ್ಟು ಬ್ಲೀಚ್ ಹಾಕಿದರೆ ಹೋಗುತ್ತದೆ? ಮುಂದೆ ಹೀಗಾಗದಂತೆ ಹುಕ್‌ಗಳಿಗೆ ಉಗುರುಬಣ್ಣ ಬಳಿದರೆ ಸಾಕೇ?

ಒಂದು ಹನಿಯೂ ಬೇಡ. ಬಾಟಲಿ ಕೈಯಲ್ಲಿದ್ದರೆ ಮುಚ್ಚಳ ಹಾಕಿ ಒಳಗಿಟ್ಟು ಬನ್ನಿ, ಆಮೇಲೆ ಮುಂದಿನದನ್ನು ಓದಿ.

ಹುಬ್ಬಳ್ಳಿಯಲ್ಲಿ ನಾವಿದ್ದ ಓಣಿಗೆ ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಬಂದ ದಿನ ಮನೆಮಂದಿಯ ಬಟ್ಟೆಯೆಲ್ಲ ಒಟ್ಟಿಗೆ ಒಗೆಯುವ ಕಲ್ಲಿನ ಹತ್ತಿರ ಬರುತ್ತಿತ್ತು. ಅದರಲ್ಲಿ ನಮ್ಮ ವೈನಿಯ ಬಿಳಿ ಕುಪ್ಪಸವೂ ಒಂದು. ತೋಳಿಗೆ ಅವರೇ ಕಸೂತಿ ಹಾಕಿಕೊಂಡಿದ್ದರು. ಗೋಪುರ, ತುಳಸಿಕಟ್ಟೆ, ಎಲ್ಲವೂ ಎಳೆ ಎಣಿಸಿ, ಒಂದು ಗಂಟೂ ಇಲ್ಲದೆ ಹಾಕಿದ್ದು. ನಾನು ಅದನ್ನು ಒಗೆದೆ, ಹಿಂಡಿದೆ, ಹೊರಗೆ ಮಳೆ ಹಿಡಿದಿದ್ದರಿಂದ ಹಿಂಡಿದ ಹಾಗೆಯೇ ಬಕೆಟ್ಟಿನಲ್ಲಿ ಬಿಟ್ಟೆ. ಬೆಳಿಗ್ಗೆ ಬಿಡಿಸಿ ನೋಡಿದರೆ ಹುಕ್ ಪಟ್ಟಿಯ ಉದ್ದಕ್ಕೂ ಕಂದು ಚುಕ್ಕೆಗಳು. ಪಟ್ಟಿಯ ಮೇಲಷ್ಟೇ ಅಲ್ಲ, ಅದಕ್ಕೆ ಒತ್ತಿಕೊಂಡು ಕುಳಿತಿದ್ದ ಬೆನ್ನಿನ ಬಟ್ಟೆಯ ಮೇಲೂ ಒಂದೊಂದು ಹುಕ್‌ಗೆ ಒಂದೊಂದು ಚುಕ್ಕೆ. ನಾನು ಮೊದಲು ಬೈದದ್ದು ಮಲಪ್ರಭೆಯ ನೀರನ್ನು. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬಟ್ಟೆಯೆಲ್ಲ ಹಳದಿಗೆ ತಿರುಗುತ್ತದೆಯೇ ಹೊರತು ಹುಕ್ ಇದ್ದಲ್ಲೇ ಚುಕ್ಕೆ ಇಡುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ವೈನಿ ತವರಿನಿಂದ ಬರುವಷ್ಟರಲ್ಲಿ ಕಲೆ ತೆಗೆದುಬಿಡೋಣ ಎಂದು ಬ್ಲೀಚನ್ನು ನೀರು ಬೆರೆಸದೆ ಚುಕ್ಕೆಗಳ ಮೇಲೆ ನೇರವಾಗಿ ಸುರಿದೆ. ಚುಕ್ಕೆ ತಿಳಿಯಾಗುವ ಬದಲು ಗಾಢವಾಯಿತು. ಸಾಲದಾಯಿತು ಎಂದುಕೊಂಡು ಇನ್ನಷ್ಟು ಹಾಕಿ ಬಿಟ್ಟೆ. ಆ ದಿನ ಬಟ್ಟೆಗೆ ಏನೂ ಆದಂತೆ ಕಾಣಲಿಲ್ಲ. ಮುಂದಿನ ಒಗೆತದಲ್ಲಿ ಚುಕ್ಕೆ ಇದ್ದ ಜಾಗವೆಲ್ಲ ಪುಡಿಪುಡಿಯಾಗಿ ಉದುರಿ, ಸುತ್ತ ಕಂದು ಅಂಚು ಉಳಿದ ತೂತುಗಳಾದವು. ವೈನಿ ಬಯ್ಯಲಿಲ್ಲ. ತೋಳುಗಳೆರಡನ್ನು ಕತ್ತರಿಸಿ ಎತ್ತಿಟ್ಟುಕೊಂಡರು.

ಹೀಗೇಕಾಯಿತು ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆ ನಿಂತಿರುವುದೇ ಈ ತಪ್ಪು ತಿಳಿವಳಿಕೆಯ ಮೇಲೆ. ಚಹಾದ ಕಲೆ, ಹಣ್ಣಿನ ಕಲೆ ಎಂದರೆ ಬಣ್ಣ. ಬ್ಲೀಚ್ ಬಣ್ಣವನ್ನು ಮುರಿಯುತ್ತದೆ, ಕಲೆ ಹೋಗುತ್ತದೆ. ತುಕ್ಕಿನ ಕಲೆ ಹಾಗಲ್ಲ, ಅದು ಎಳೆಯೊಳಗೆ ಹೋಗಿ ಕುಳಿತ ಕಬ್ಬಿಣ. ಹುಕ್‌ನ ಮೇಲಿನ ತೆಳುವಾದ ನಿಕಲ್ ಲೇಪ ಸವೆದಲ್ಲಿ ಒಳಗಿನ ಕಬ್ಬಿಣ ನೀರಿಗೆ ಸಿಗುತ್ತದೆ, ಸ್ವಲ್ಪ ಸ್ವಲ್ಪ ಕರಗಿ ಒದ್ದೆ ಬಟ್ಟೆಯೊಳಕ್ಕೆ ಹರಡುತ್ತದೆ. ಆಗ ಅದಕ್ಕೆ ಬಣ್ಣವೇ ಇಲ್ಲವೆನ್ನಬಹುದು. ಗಾಳಿಯ ಆಮ್ಲಜನಕ ತಾಗಿದ ಮೇಲೆ ಕಂದಾಗಿ, ನೀರಿಗೆ ಕರಗದಂತೆ ಗಟ್ಟಿಯಾಗುತ್ತದೆ. ಬ್ಲೀಚ್ ಮಾಡುವುದೂ ಅದೇ ಕೆಲಸವನ್ನು, ಇನ್ನೂ ಬಿರುಸಾಗಿ. ಉಳಿದ ಕಬ್ಬಿಣವನ್ನೂ ತುಕ್ಕಾಗಿಸುತ್ತದೆ, ಜೊತೆಗೆ ಹುಕ್ಕನ್ನೂ ತಿಂದು ಹೊಸ ತುಕ್ಕು ಹುಟ್ಟಿಸುತ್ತದೆ. ಅದಕ್ಕಿಂತ ಕೆಟ್ಟದ್ದು, ಕಬ್ಬಿಣ ಇರುವ ಕಡೆ ಬ್ಲೀಚಿನ ಕೆಲಸಕ್ಕೆ ವೇಗ ಬರುತ್ತದೆ. ಉಳಿದ ಕಡೆ ಏನೂ ಆಗದ ಹತ್ತಿ ಅಲ್ಲಿ ಮಾತ್ರ ಲಡ್ಡಾಗುತ್ತದೆ. ನನ್ನ ತೂತುಗಳು ಚುಕ್ಕೆಯ ಅಳತೆಯಲ್ಲೇ ಬಿದ್ದದ್ದು ಅದಕ್ಕೇ.

ಈಗ ನಿಮ್ಮ ಕುಪ್ಪಸ. ಮೊದಲು ಅದು ತುಕ್ಕೇ ಹೌದೋ ನೋಡಿ. ಸಾಬೂನು ತಾಗಿದರೆ ಕೆಂಪಾಗುವುದು ಅರಿಷಿಣದ ಕಲೆ. ತುಕ್ಕು ಸಾಬೂನಿಗೆ ಜಗ್ಗುವುದಿಲ್ಲ, ನಿಂಬೆರಸ ಬಿಟ್ಟು ಕಾಯ್ದರೆ ತಿಳಿಯಾಗತೊಡಗುತ್ತದೆ. ತುಕ್ಕೆಂದು ಖಚಿತವಾದರೆ ಹುಕ್‌ಗಳನ್ನು ಬಿಚ್ಚಿ ತೆಗೆಯಿರಿ. ಜನ ಬಿಟ್ಟುಬಿಡುವ ಹೆಜ್ಜೆ ಇದೇ. ಕಲೆ ತೆಗೆಯುವ ಹುಳಿ ಹುಕ್ಕಿನ ಕಬ್ಬಿಣವನ್ನೂ ಕರಗಿಸುತ್ತದೆ. ಹುಕ್ ಅಲ್ಲೇ ಇದ್ದರೆ ಹಳೆಯ ಕಲೆ ಹೋಗುತ್ತಿರುವಾಗಲೇ ಪಕ್ಕದಲ್ಲಿ ಹೊಸದು ಬೀಳುತ್ತದೆ.

ನಿಂಬೆ ಉಪ್ಪು ಎಂದು ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲವನ್ನು ಒಂದು ಚಹಾ ಚಮಚದಷ್ಟು ಅರ್ಧ ಲೋಟ ಬಿಸಿನೀರಿಗೆ ಹಾಕಿ ಕರಗಿಸಿ. ಕಲೆಯ ಕೆಳಗೆ ಮಡಿಸಿದ ಹಳೆಯ ಬಿಳಿ ಬಟ್ಟೆ ಇಟ್ಟು, ಈ ನೀರನ್ನು ಕಲೆಯ ಮೇಲೆ ಹನಿಸುತ್ತಾ ಹದಿನೈದು ನಿಮಿಷ ಒದ್ದೆಯಾಗಿಡಿ. ಉಜ್ಜಬೇಡಿ. ಕಂದು ಬಣ್ಣ ಹಳದಿಗೆ ಇಳಿದು, ಕೆಳಗಿನ ಬಟ್ಟೆಯಲ್ಲಿ ತಿಳಿಹಳದಿ ಉಂಗುರ ಕಂಡರೆ ಕಬ್ಬಿಣ ಹೊರಬರುತ್ತಿದೆ ಎಂದು ತಿಳಿಯಿರಿ. ತೊಳೆದು ಮತ್ತೆ ಹನಿಸಿ. ಹಳೆಯ ಕಲೆಗೆ ಹೀಗೆ ಹಲವು ಸಲ ಮಾಡಬೇಕಾಗುತ್ತದೆ. ಹುಳಿ ಬಟ್ಟೆಯಲ್ಲೇ ಒಣಗಲು ಬಿಡಬೇಡಿ, ಒಣಗಿದಷ್ಟೂ ಅದು ತೀಕ್ಷ್ಣವಾಗಿ ಹತ್ತಿಯ ಎಳೆಯನ್ನು ಸೊರಗಿಸುತ್ತದೆ. ನಿಂಬೆಹಣ್ಣು ಮತ್ತು ಉಪ್ಪು ಹಚ್ಚಿ ಬಿಸಿಲಿಗಿಡುವ ನಮ್ಮ ಅವ್ವಂದಿರ ಪದ್ಧತಿಯೂ ಸರಿಯೇ, ಒಣಗುವ ಮುಂಚೆ ತೊಳೆದರೆ. ಕೊನೆಗೆ ಸಾದಾ ನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ, ಆಮೇಲೆ ಸಾಬೂನು. ಈಗಾಗಲೇ ಬ್ಲೀಚ್ ಹಾಕಿದ್ದರೆ ಅದು ಪೂರ್ತಿ ಹೋಗುವವರೆಗೆ ತೊಳೆಯದೆ ಹುಳಿ ಮುಟ್ಟಿಸಬೇಡಿ. ಎರಡೂ ಸೇರಿದರೆ ವಿಷಾನಿಲ ಏಳುತ್ತದೆ. ಬಣ್ಣದ ಬಟ್ಟೆಯಾದರೆ ಒಳಗಿನ ಹೊಲಿಗೆಯಂಚಿನಲ್ಲಿ ಒಂದು ಹನಿ ಹಾಕಿ ನೋಡಿ. ಜರಿ ಇದ್ದಲ್ಲಿ ಇದನ್ನು ಮಾಡಲೇಬೇಡಿ.

ಉಗುರುಬಣ್ಣದ ಮೇಲೆ ನನಗೆ ನಂಬಿಕೆಯಿಲ್ಲ. ಹುಕ್ ಸವೆಯುವುದು ಕೊಂಡಿಯ ಒಳಬಾಗಿನಲ್ಲಿ, ಹಾಕಿ ತೆಗೆಯುವಾಗ ಉಜ್ಜುವ ಜಾಗದಲ್ಲಿ. ಬಣ್ಣವೂ ಮೊದಲು ಏಳುವುದು ಅಲ್ಲಿಯೇ. ಎದ್ದ ಪದರದ ಕೆಳಗೆ ನೀರು ನಿಂತು ಇನ್ನೂ ತೊಂದರೆ. ಹುಕ್ಕನ್ನೇ ಬದಲಿಸಿ. ದುರ್ಗದಬೈಲಿನಲ್ಲಿ ದಾರ, ಗುಂಡಿ ಮಾರುವ ಅಂಗಡಿಗೆ ಹೋಗುವಾಗ ಒಂದು ಸಣ್ಣ ಅಯಸ್ಕಾಂತ ಒಯ್ಯಿರಿ. ಹುಕ್ ಟಪ್ಪೆಂದು ಅಂಟಿದರೆ ಅದು ಕಬ್ಬಿಣ, ಎಷ್ಟೇ ಹೊಳೆಯುತ್ತಿದ್ದರೂ ಬೇಡ. ಹಿತ್ತಾಳೆಯದು ಅಂಟುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ. ಬೆವರಿಗೆ ಹಸಿರಾಗಬಹುದು, ಅಷ್ಟೇ. ಅಂಗಡಿಯವರು ಹುಬ್ಬೇರಿಸಿದರೆ ಏರಿಸಲಿ. ಹೊಸ ಕುಪ್ಪಸ ಹೊಲಿಯಲು ಕೊಡುವಾಗಲೂ ಹುಕ್ ನೀವೇ ಕೊಟ್ಟುಬಿಡಿ.

ಒಗೆಯುವಾಗ ಹುಕ್ ಹಾಕಿ, ಕುಪ್ಪಸವನ್ನು ಒಳಹೊರಗು ಮಾಡಿ, ಹುಕ್ ಪಟ್ಟಿಯನ್ನು ಮಾತ್ರ ಕೈಯಲ್ಲಿ ತಿಕ್ಕಿ. ಆ ಭಾಗವನ್ನು ಕಲ್ಲಿಗೆ ಬಡಿದರೆ ಲೇಪ ಅಲ್ಲೇ ಬಿರುಕು ಬಿಡುತ್ತದೆ. ಯಂತ್ರಕ್ಕೆ ಹಾಕುವುದಾದರೆ ದಿಂಬಿನ ಚೀಲದೊಳಗಿಟ್ಟು ಬಾಯಿ ಕಟ್ಟಿ. ಆದರೆ ಕಲೆ ಬೀಳುವುದು ಹೆಚ್ಚಾಗಿ ಒಗೆಯುವಾಗಲ್ಲ, ಒದ್ದೆಯಾಗಿ ಬಿದ್ದಿರುವಾಗ. ಹಾಗಾಗಿ ರಾತ್ರಿಯಿಡೀ ನೆನೆಸುವುದು, ಹಿಂಡಿ ಬಕೆಟ್ಟಿನಲ್ಲಿ ಬಿಡುವುದು ಎರಡೂ ಬೇಡ. ಹಿಂಡಿದ ಕೂಡಲೇ ಹುಕ್ ಬಿಚ್ಚಿ, ಪಟ್ಟಿ ಇನ್ನೊಂದು ಪದರಕ್ಕೆ ತಾಗದಂತೆ ಹಗ್ಗದ ಮೇಲೆ ಹರಡಿ. ಮಳೆಗಾಲವಾದರೆ ಒಳಗೆ ಫ್ಯಾನಿನ ಕೆಳಗೆ ಹಾಕಿ, ಪಟ್ಟಿಯ ಕೆಳಗೆ ಬಿಳಿ ಬಟ್ಟೆಯ ತುಂಡು ಸಿಕ್ಕಿಸಿ.

ಜಿಪ್ಪಿಗೂ ಇದೇ ಮಾತು: ಅದನ್ನು ಒಗೆಯುವಾಗ ಪೂರ್ತಿ ಮೇಲೆಳೆದಿರಬೇಕು, ಇಲ್ಲದಿದ್ದರೆ ಲೋಹದ ಹಲ್ಲು ಪಕ್ಕದ ಬಟ್ಟೆಯನ್ನು ಕೀಳುತ್ತದೆ. ಒಣಹಾಕುವಾಗ ಪೂರ್ತಿ ಕೆಳಗೆಳೆದಿರಲಿ.