ಫ್ರೀಲಾನ್ಸರ್ ಬಯೋ: ಯಾರಿಗೆ ಮಾಡಿದಿರಿ, ಆಮೇಲೆ ಏನಾಯ್ತು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಫ್ರೀಲಾನ್ಸ್ ಗ್ರಾಫಿಕ್ ಡಿಸೈನರ್. ನನ್ನ ಪೋರ್ಟ್‌ಫೋಲಿಯೊದಲ್ಲಿ ಹೀಗಿದೆ: "ನಾನೊಬ್ಬ ಕ್ರಿಯೇಟಿವ್, ಪ್ಯಾಷನೇಟ್ ಡಿಸೈನರ್. ಲೋಗೋ, ಪೋಸ್ಟರ್, ಲೇಬಲ್, ಮದುವೆ ಕಾರ್ಡ್ ಎಲ್ಲ ಮಾಡಿಕೊಡುತ್ತೇನೆ. ಫೋಟೋಶಾಪ್, ಇಲಸ್ಟ್ರೇಟರ್, ಕೋರೆಲ್‌ಡ್ರಾ ಬರುತ್ತದೆ. ಗ್ರಾಹಕರ ತೃಪ್ತಿಯೇ ನನ್ನ ಗುರಿ." ನೋಡಿದವರು ರೇಟ್ ಕೇಳಿ ಸುಮ್ಮನಾಗುತ್ತಾರೆ. ಯಾರಿಗೆ ಕೆಲಸ ಮಾಡುತ್ತೇನೆ, ಏನು ಫಲಿತಾಂಶ ಸಿಕ್ಕಿದೆ ಅಂತ ಬರೆಯಬೇಕು ಅನ್ನುತ್ತಾರೆ. ಆದರೆ ನನ್ನ ಹತ್ತಿರ ಹೇಳಿಕೊಳ್ಳುವಂಥ ನಂಬರ್ ಯಾವುದೂ ಇಲ್ಲ. ಎರಡು ವರ್ಷದ ಬಿಲ್‌ಗಳ ಪಟ್ಟಿ ಕಳಿಸಿದ್ದೇನೆ.

ಉತ್ತರ: ಪಟ್ಟಿ ಕಳಿಸಿದ್ದು ಬಹಳ ಒಳ್ಳೆಯದಾಯ್ತು, ಯಾಕಂದರೆ ಬಯೋ ಬರೆಯುವ ಕೆಲಸ ಶುರುವಾಗುವುದೇ ಅಲ್ಲಿಂದ. ಖಾಲಿ ಪುಟದ ಮುಂದೆ ಕೂತು "ನಾನು ಯಾರು" ಅಂತ ಯೋಚಿಸಿದರೆ ಯಾರಿಗಾದರೂ ಕ್ರಿಯೇಟಿವ್, ಪ್ಯಾಷನೇಟ್ ಅನ್ನುವ ಪದಗಳೇ ಬರುತ್ತವೆ. ಬಿಲ್ ಪುಸ್ತಕ ತೆರೆದರೆ ಬೇರೆಯದೇ ಕಾಣುತ್ತದೆ.

ನಿಮ್ಮ ಪಟ್ಟಿಯಲ್ಲಿ 46 ಬಿಲ್ ಇವೆ. 14 ಮದುವೆ ಕಾರ್ಡ್, 8 ಲೋಗೋ, 7 ಸೋಷಿಯಲ್ ಮೀಡಿಯಾ ಪೋಸ್ಟ್‌ಗಳ ಕೆಲಸ, ಉಳಿದ 17 ಲೇಬಲ್ ಮತ್ತು ಪೌಚ್. ಈ 17 ಬಂದಿರುವುದು 9 ಜನರಿಂದ. ಎಲ್ಲರೂ ಮನೆಯಲ್ಲಿ ಅಥವಾ ಸಣ್ಣ ಶೆಡ್ಡಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಜೋಳದ ರೊಟ್ಟಿ, ಶೇಂಗಾ ಹೋಳಿಗೆ ಮಾಡಿ ಮಾರುವವರು. ಅವರಲ್ಲಿ 6 ಜನ ಎರಡನೇ ಸಲವೂ ನಿಮ್ಮ ಹತ್ತಿರವೇ ಬಂದಿದ್ದಾರೆ. ಮದುವೆ ಕಾರ್ಡ್ ಮಾಡಿಸಿದವರು ಮತ್ತೆ ಬರುವ ಹಾಗಿಲ್ಲ, ಅಲ್ವಾ? ಚಟ್ನಿಪುಡಿಯವರು ಬರುತ್ತಾರೆ. ಶೇಂಗಾ ಚಟ್ನಿ ಆದ ಮೇಲೆ ಅಗಸಿ ಚಟ್ನಿ, ಅದಾದ ಮೇಲೆ ಗುರೆಳ್ಳು ಚಟ್ನಿ, ಪ್ರತಿಯೊಂದಕ್ಕೂ ಬೇರೆ ಲೇಬಲ್ ಬೇಕು. ಹಾಗಾಗಿ ಯಾರಿಗೆ ಅನ್ನುವ ಪ್ರಶ್ನೆಗೆ ಉತ್ತರ ನಿಮ್ಮ ಪಟ್ಟಿಯಲ್ಲೇ ಇದೆ.

ಇಲ್ಲಿ ಹೆಚ್ಚಿನವರು ಹಿಂದೆ ಸರಿಯುತ್ತಾರೆ. ತಿಂಡಿ ಮಾರುವವರಿಗೆ ಅಂತ ಬರೆದರೆ ಮದುವೆ ಕಾರ್ಡಿನವರು ಹೋಗಿಬಿಡುತ್ತಾರೆ ಅನ್ನುವ ಭಯ. ಮದುವೆ ಕಾರ್ಡಿನವರು ನಿಮ್ಮ ಬಯೋ ಓದಿ ಬಂದವರಲ್ಲ, ಯಾರೋ ಪರಿಚಯದವರು ಹೇಳಿ ಬಂದವರು. ನಾಳೆಯೂ ಹಾಗೇ ಬರುತ್ತಾರೆ, ಬಂದಾಗ ಮಾಡಿಕೊಡಿ. ಬಯೋ ಇರುವುದು ನಿಮ್ಮನ್ನು ಗೊತ್ತಿಲ್ಲದವರಿಗೆ. ಹರಿಹರದಲ್ಲಿ ಉಪ್ಪಿನಕಾಯಿ ಮಾಡುವ ಒಬ್ಬರು ಅದನ್ನು ಓದಿ "ಇದು ನನ್ನಂಥವರಿಗೆ ಬರೆದದ್ದು" ಅನ್ನಬೇಕು. ಹತ್ತು ಕೆಲಸದ ಹೆಸರು ಒಟ್ಟಿಗೆ ಕಂಡರೆ ಅವರಿಗೆ ಹಾಗೆ ಅನ್ನಿಸುವುದಿಲ್ಲ.

"ಸಣ್ಣ ಉದ್ಯಮಗಳಿಗೆ" ಅಂತ ಬರೆದರೂ ಸಾಲದು. ತಮ್ಮನ್ನು ಯಾರೂ ಸಣ್ಣ ಉದ್ಯಮ ಅಂತ ಕರೆದುಕೊಳ್ಳುವುದಿಲ್ಲ. ರೊಟ್ಟಿ ಮಾಡುತ್ತೇನೆ, ಚಟ್ನಿಪುಡಿ ಮಾಡುತ್ತೇನೆ ಅನ್ನುತ್ತಾರೆ. ಅವರು ಬಳಸುವ ಪದವನ್ನೇ ಹಾಕಿ. ಜೊತೆಗೆ ಅವರು ಯಾವ ಹಂತದಲ್ಲಿ ನಿಮ್ಮನ್ನು ಹುಡುಕುತ್ತಾರೆ ಅನ್ನುವುದನ್ನೂ ಸೇರಿಸಿ. ನಿಮ್ಮ 9 ಜನರಲ್ಲಿ 7 ಜನ ಬಂದದ್ದು ಮೊದಲ ಸಲ ಅಂಗಡಿಗೆ ಮಾಲು ಕೊಡಲು ಹೊರಟಾಗ. ಅಲ್ಲಿಯವರೆಗೆ ಪರಿಚಯದವರಿಗೆ ಕವರ್‌ನಲ್ಲಿ ಕಟ್ಟಿ ಕೊಡುತ್ತಿದ್ದರು. ಈ ಒಂದು ವಿವರ ಬಯೋದಲ್ಲಿದ್ದರೆ ಓದುವವರಿಗೆ ತಮ್ಮ ಕಥೆಯೇ ಕಾಣುತ್ತದೆ.

ಈಗ ಫಲಿತಾಂಶ. ನಂಬರ್ ಇಲ್ಲ ಅಂದಿರಿ. ಆದರೆ ಪಟ್ಟಿಯ ಪಕ್ಕದಲ್ಲೇ ನೀವು ಒಂದು ಟಿಪ್ಪಣಿ ಬರೆದಿದ್ದೀರಿ: ಹೊಸ ಪೌಚ್ ಬಂದ ಮೇಲೆ ಒಬ್ಬ ಚಟ್ನಿಪುಡಿಯವರ ಮಾರಾಟ ವಾರಕ್ಕೆ 40 ಪ್ಯಾಕೆಟ್‌ನಿಂದ 110ಕ್ಕೆ ಏರಿತು. ಇದು ಕಣ್ಣಿಗೆ ಬೀಳುವ ನಂಬರ್. ಆದರೂ ಇದನ್ನು ಬಯೋದಲ್ಲಿ ಹಾಕಬೇಡಿ ಅಂತಲೇ ಹೇಳುತ್ತೇನೆ. ಆ ಸಮಯದಲ್ಲೇ ಅವರು ಹೊಸ ಅಂಗಡಿಗಳಿಗೆ ಕೊಡಲು ಶುರುಮಾಡಿದರು, ಪ್ಯಾಕೆಟ್ ಬೆಲೆ ಇಳಿಸಿದರು, ಜೊತೆಗೆ ಹಬ್ಬದ ತಿಂಗಳು ಬೇರೆ. 110ರಲ್ಲಿ ನಿಮ್ಮ ಪೌಚ್‌ನ ಪಾಲು ಎಷ್ಟು ಅಂತ ನಿಮಗೂ ಹೇಳಲಾಗುವುದಿಲ್ಲ, ಅವರಿಗೂ ಹೇಳಲಾಗುವುದಿಲ್ಲ. "ಅದು ಹೇಗೆ?" ಅಂತ ಯಾರಾದರೂ ಫೋನಿನಲ್ಲಿ ಕೇಳಿದರೆ ನೀವು ತಡವರಿಸುತ್ತೀರಿ. ತಡವರಿಸಿದ ಕೂಡಲೇ ಬಯೋದ ಉಳಿದ ಮಾತುಗಳ ಮೇಲೂ ಅನುಮಾನ ಬರುತ್ತದೆ.

ಮಾರಾಟ ನಿಮ್ಮ ಕೈಯಿಂದ ದೂರದಲ್ಲಿ ಆಗುವ ಸಂಗತಿ. ಲೇಬಲ್ ಮೊದಲು ಏನು ಮಾಡುತ್ತದೆ ಅಂತ ಯೋಚಿಸಿ. ಪ್ರಿಂಟ್ ಸರಿಯಾಗಿ ಬರಬೇಕು. ಇರಬೇಕಾದ ವಿವರ ಎಲ್ಲ ಇರಬೇಕು. ಅಂಗಡಿಯವರು ನೋಡಿ ಶೆಲ್ಫ್ ಮೇಲೆ ಇಟ್ಟುಕೊಳ್ಳಲು ಒಪ್ಪಬೇಕು. ಗಿರಾಕಿ ಕೈಗೆತ್ತಿಕೊಳ್ಳುವುದು, ಕೊಳ್ಳುವುದು, ರುಚಿ ಹಿಡಿಸಿ ಮತ್ತೆ ಬರುವುದು ಎಲ್ಲ ಆಮೇಲಿನ ಮಾತು. ಮೊದಲ ಮೂರರಲ್ಲಿ ನಿಮ್ಮ ಕೆಲಸದ ಪಾಲು ಜಾಸ್ತಿ. ಅಲ್ಲಿಯ ಫಲಿತಾಂಶವನ್ನೇ ಬರೆಯಿರಿ. ಅದು ಚಿಕ್ಕದಾಗಿ ಕಂಡರೂ ಗಟ್ಟಿಯಾಗಿ ನಿಲ್ಲುತ್ತದೆ.

ಪ್ರಿಂಟ್‌ನಿಂದಲೇ ಶುರುಮಾಡೋಣ. ನಿಮ್ಮ ಲೇಬಲ್‌ಗಳಲ್ಲಿ ತಾರೀಕು ಮತ್ತು ಬ್ಯಾಚ್ ನಂಬರ್ ಒತ್ತುವ ಜಾಗಕ್ಕೆ ಹೊಳೆಯುವ ಗ್ಲಾಸಿ ಲ್ಯಾಮಿನೇಷನ್ ಬರದಂತೆ ಬಿಟ್ಟಿದ್ದೀರಿ. ನನಗೆ ಬಹಳ ಇಷ್ಟವಾದದ್ದು ಇದೇ. ಹೊಳೆಯುವ ಪದರದ ಮೇಲೆ ಸಾಮಾನ್ಯ ರಬ್ಬರ್ ಸ್ಟಾಂಪಿನ ಶಾಯಿ ಒಣಗುವುದಿಲ್ಲ, ಬೆರಳು ತಾಗಿದರೆ ಅಳಿಸಿಹೋಗುತ್ತದೆ. ನನಗೆ ಗೊತ್ತಿರುವ ಒಬ್ಬ ಉಪ್ಪಿನಕಾಯಿಯವರು ಇದೇ ಕಾರಣಕ್ಕೆ 2,000 ಸ್ಟಿಕ್ಕರ್ ಎಸೆದರು. ನೀವು ಮಾಡಿದ 17ರಲ್ಲಿ ಒಂದೂ ಹಾಗೆ ಹಾಳಾಗಿಲ್ಲ ಅಂದರೆ ಅದೇ ಒಂದು ಫಲಿತಾಂಶ. ಅದನ್ನು ಹೇಳಲು ಯಾರ ಲೆಕ್ಕದ ಪುಸ್ತಕವನ್ನೂ ಕೇಳಬೇಕಾಗಿಲ್ಲ.

ಆದರೆ "ಒಂದೂ ಮರುಪ್ರಿಂಟ್ ಆಗಿಲ್ಲ" ಅಂತ ಹಾಗೇ ಬರೆಯಬೇಡಿ. ಪಟ್ಟಿಯ ಪ್ರಕಾರ ಹೋಳಿಗೆಯ ಲೇಬಲ್ ಎರಡು ಸಲ ಪ್ರಿಂಟ್ ಆಗಿದೆ, ಅವರು ಎಂಆರ್‌ಪಿ ಬದಲಿಸಿದ್ದರಿಂದ. ಅದು ನಿಮ್ಮ ತಪ್ಪಲ್ಲ, ಆದರೂ ಆ ವಾಕ್ಯ ಸುಳ್ಳಾಗುತ್ತದೆ. "ಡಿಸೈನ್ ತಪ್ಪಿನಿಂದ" ಅನ್ನುವ ಎರಡು ಪದ ಸೇರಿಸಿ, ನಿಜವಾಗುತ್ತದೆ. ಬರೆಯುವ ಮೊದಲು 9 ಜನರಿಗೂ ಒಂದೊಂದು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಕೆಲವರು ತಪ್ಪು ಕಂಡರೂ ಹೇಳದೆ ಪೆನ್ನಿನಲ್ಲಿ ತಿದ್ದಿಕೊಂಡಿರುತ್ತಾರೆ.

ವಿವರಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರ್, ಸಸ್ಯಾಹಾರದ ಹಸಿರು ಚುಕ್ಕೆ ಇವೆಲ್ಲ ಎಲ್ಲಿ ಬರಬೇಕು ಅಂತ ನಿಮಗೆ ಗೊತ್ತು. ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿ ಇರಬೇಕು, ಕನ್ನಡವನ್ನು ಅದರ ಜೊತೆಗೆ ಹಾಕಬಹುದು ಅನ್ನುವುದೂ ಗೊತ್ತು. ಕನ್ನಡದಲ್ಲಷ್ಟೇ ಮಾಡಿಸಿಕೊಂಡು ಆಮೇಲೆ ಪೇಚಾಡುವವರು ಇದ್ದಾರೆ, ಅದಕ್ಕೇ ನಿಮಗೆ ಗೊತ್ತಿರುವ ಈ ವಿಷಯಕ್ಕೆ ಬೆಲೆ ಇದೆ. ಆದರೆ "ಎಫ್‌ಎಸ್‌ಎಸ್‌ಎಐ ಒಪ್ಪಿಗೆಯ ಲೇಬಲ್" ಅಂತ ಬರೆದರೆ ನೀವು ಕೊಡಲಾಗದ ಭರವಸೆ ಕೊಟ್ಟಂತೆ. ಲೇಬಲ್ ಮೇಲಿರುವುದಕ್ಕೆ ಜವಾಬ್ದಾರಿ ಆಹಾರ ಮಾರುವವರದ್ದು. "ನಿಯಮ ಕೇಳುವ ವಿವರಗಳಿಗೆ ಜಾಗ ಬಿಟ್ಟು ಜೋಡಿಸುತ್ತೇನೆ" ಅಂದರೆ ಸಾಕು.

ಇನ್ನು ಅಂಗಡಿಯವರ ಒಪ್ಪಿಗೆ. ಇದಕ್ಕೆ ಮಾತ್ರ ಗ್ರಾಹಕರನ್ನು ಕೇಳಲೇಬೇಕು, ಕೇಳುವ ರೀತಿಯೂ ಮುಖ್ಯ. "ಅಕ್ಕಾ, ಲೇಬಲ್ ಹೇಗಿದೆ?" ಅಂದರೆ "ಚೆನ್ನಾಗಿದೆ" ಅನ್ನುತ್ತಾರೆ, ಅಷ್ಟೇ. ಅದರ ಬದಲು ಹೀಗೆ ಕೇಳಿ: "ಅಕ್ಕಾ, ಹಳೆ ಕವರ್ ಇದ್ದಾಗ ಎಷ್ಟು ಅಂಗಡಿಗೆ ಕೊಡ್ತಿದ್ರಿ? ಈಗ ಎಷ್ಟು? ಮೊದಲು ಬೇಡ ಅಂದಿದ್ದ ಅಂಗಡಿಯವರು ಯಾರಾದರೂ ಈಗ ಇಟ್ಕೊಂಡಿದ್ದಾರಾ? ಅವರು ಏನಂದ್ರು?" ಮೆಸೇಜ್‌ಗಿಂತ ಫೋನ್ ಒಳ್ಳೆಯದು, ಅದೂ ಅವರು ಅಡುಗೆ ಮುಗಿಸಿ ಬಿಡುವಾಗಿರುವ ಮಧ್ಯಾಹ್ನ. ಕೊನೆಯ ಪ್ರಶ್ನೆಯಿಂದಲೇ ನಿಮಗೆ ನಿಜವಾದ ವಿಷಯ ಸಿಗುತ್ತದೆ. ನೀವು ಕಳೆದ ವಾರ ಹೀಗೆ ಕೇಳಿದ್ದಕ್ಕೇ ಅಲ್ವಾ ಆ ಚಟ್ನಿಪುಡಿಯವರು 2 ಅಂಗಡಿಯಿಂದ 7 ಅಂಗಡಿಗೆ ಹೋದದ್ದು ಗೊತ್ತಾಗಿದ್ದು? ಅದರಲ್ಲಿ 3 ಅಂಗಡಿಯವರು ಮೊದಲು ಕೈಬರಹದ ಚೀಟಿ ನೋಡಿ ಬೇಡ ಅಂದಿದ್ದವರಂತೆ. ಹಾಗಾದರೆ ಬಯೋಗೆ ಬೇಕಾದ ನಂಬರ್ 7 ಅಲ್ಲ, 3. ಮೊದಲು ಪ್ಯಾಕೆಟ್ ನೋಡಿ ಬೇಡ ಅಂದವರು ಪ್ಯಾಕೆಟ್ ಬದಲಾದ ಮೇಲೆ ಒಪ್ಪಿದರು ಅಂದರೆ, ಅದರಲ್ಲಿ ನಿಮ್ಮ ಪಾಲು ಎಲ್ಲರಿಗೂ ಕಾಣುತ್ತದೆ.

ಫೋನ್ ಇಡುವ ಮುಂಚೆ ಇನ್ನೊಂದು ಮಾತು ಕೇಳಿ, "ಇದನ್ನು ನನ್ನ ಪೇಜ್‌ನಲ್ಲಿ ಬರೀಬಹುದಾ, ನಿಮ್ಮ ಹೆಸರು ಹಾಕಬಹುದಾ?" ಹೆಸರು ಬೇಡ ಅಂದರೆ ಊರು ಮತ್ತು ಮಾಲಿನ ಹೆಸರು ಸಾಕು.

ಇಷ್ಟು ಕೈಯಲ್ಲಿದ್ದರೆ ಬರೆಯುವುದು ಅರ್ಧ ಗಂಟೆಯ ಕೆಲಸ. ನಾನು ಬರೆದರೆ ಹೀಗಿರುತ್ತದೆ:

"ಮನೆಯಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ರೊಟ್ಟಿ ಮಾಡಿ ಮಾರುತ್ತಿದ್ದೀರಾ? ಈಗ ಅಂಗಡಿಗೂ ಕೊಡಬೇಕು ಅಂದುಕೊಂಡಿದ್ದೀರಾ? ಅದಕ್ಕೆ ಬೇಕಾದ ಲೇಬಲ್ ಮತ್ತು ಪೌಚ್ ಡಿಸೈನ್ ಮಾಡಿಕೊಡುತ್ತೇನೆ. ಎರಡು ವರ್ಷದಲ್ಲಿ 9 ಜನರಿಗೆ 17 ಲೇಬಲ್ ಮಾಡಿದ್ದೇನೆ. ಡಿಸೈನ್ ತಪ್ಪಿನಿಂದ ಒಂದನ್ನೂ ಮತ್ತೆ ಪ್ರಿಂಟ್ ಮಾಡಿಸಬೇಕಾಗಿಲ್ಲ, 6 ಜನ ಮುಂದಿನ ಲೇಬಲ್‌ಗೂ ನನ್ನ ಹತ್ತಿರವೇ ಬಂದಿದ್ದಾರೆ. ದಾವಣಗೆರೆಯ ಒಬ್ಬ ಚಟ್ನಿಪುಡಿಯವರಿಗೆ ಕೈಬರಹದ ಚೀಟಿ ನೋಡಿ ಬೇಡ ಅಂದಿದ್ದ 3 ಅಂಗಡಿಯವರು ಹೊಸ ಪೌಚ್ ನೋಡಿ ಇಟ್ಟುಕೊಂಡರು. ನಿಯಮ ಕೇಳುವ ವಿವರಗಳಿಗೆ, ತಾರೀಕು ಒತ್ತುವುದಕ್ಕೆ ಜಾಗ ಬಿಟ್ಟೇ ಡಿಸೈನ್ ಮಾಡುತ್ತೇನೆ. ನಿಮ್ಮ ಈಗಿನ ಪ್ಯಾಕೆಟ್‌ನ ಎರಡೂ ಬದಿಯ ಫೋಟೋ ವಾಟ್ಸಾಪ್ ಮಾಡಿ, ಏನು ಬಿಟ್ಟುಹೋಗಿದೆ ಅಂತ ನೋಡಿ ಹೇಳುತ್ತೇನೆ."

ಸಾಫ್ಟ್‌ವೇರ್ ಹೆಸರು ಇದರಲ್ಲಿ ಇಲ್ಲ, ಗಮನಿಸಿದಿರಾ? ರೊಟ್ಟಿ ಮಾಡುವವರಿಗೆ ಕೋರೆಲ್‌ಡ್ರಾ ಅಂದರೆ ಏನೂ ಅಲ್ಲ. ಪ್ರಿಂಟಿಂಗ್ ಪ್ರೆಸ್‌ನವರಿಗೆ ಬೇಕು, ಅದು ಪೇಜಿನ ಕೆಳಗೆ ಎಲ್ಲಾದರೂ ಇರಲಿ. ತೃಪ್ತಿಯೇ ಗುರಿ ಅನ್ನುವ ವಾಕ್ಯವೂ ಹೋಯಿತು, 6 ಜನ ಮತ್ತೆ ಬಂದರು ಅನ್ನುವುದು ಅದನ್ನು ಚೆನ್ನಾಗಿಯೇ ಹೇಳುತ್ತದೆ. ಕೊನೆಯ ಸಾಲು ನೀವು ಬರೆದಿದ್ದ ತೊಂದರೆಗೆ ಸಂಬಂಧಿಸಿದ್ದು. ಬಂದವರು ರೇಟ್ ಕೇಳಿ ಸುಮ್ಮನಾಗುತ್ತಿದ್ದರು, ಯಾಕಂದರೆ ರೇಟ್ ಬಿಟ್ಟು ಬೇರೆ ಏನು ಕೇಳಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಪ್ಯಾಕೆಟ್ ಫೋಟೋ ಕಳಿಸಿದರೆ ಮಾತು ಅವರ ಮಾಲಿನಿಂದ ಶುರುವಾಗುತ್ತದೆ.

ಇನ್‌ಸ್ಟಾಗ್ರಾಮ್‌ನಲ್ಲಿ ಬಯೋಗೆ ಸಿಗುವುದು 150 ಅಕ್ಷರ. ಕನ್ನಡದಲ್ಲಿ ಬರೆಯುವಾಗ ಒತ್ತು, ಕೊಂಬು, ದೀರ್ಘ ಎಲ್ಲವೂ ಎಣಿಕೆಗೆ ಸೇರುವುದರಿಂದ ಜಾಗ ಬೇಗ ಮುಗಿಯುತ್ತದೆ. ಅಲ್ಲಿಗೆ ಇಷ್ಟು ಸಾಕು: "ಮನೆ ತಿಂಡಿ ಮಾರುವವರಿಗೆ ಲೇಬಲ್, ಪೌಚ್ ಡಿಸೈನ್. 9 ಗ್ರಾಹಕರು, 17 ಲೇಬಲ್. ಪ್ಯಾಕೆಟ್ ಫೋಟೋ ಕಳಿಸಿ." ಮರುಪ್ರಿಂಟ್‌ನ ಮಾತನ್ನು ಅಲ್ಲಿ ಹಾಕಬೇಡಿ, ವಿವರಿಸಲು ಜಾಗವಿಲ್ಲದ ಕಡೆ ಅದು ಅರ್ಥವಾಗುವುದಿಲ್ಲ.

ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಡಿಸೈನ್ ಗೊತ್ತಿಲ್ಲದ ಒಬ್ಬರಿಗೆ, ಪಕ್ಕದ ಮನೆಯವರಾದರೂ ಸರಿ, ಒಂದು ಸಲ ಓದಿ ಹೇಳಿ. ಆಮೇಲೆ ಬಯೋ ಮುಚ್ಚಿಟ್ಟು, "ಇವರಿಗೆ ಫೋನ್ ಮಾಡಿ ಅಂತ ನೀವು ಯಾರಿಗೆ ಹೇಳ್ತೀರಿ?" ಅಂತ ಕೇಳಿ. ಉಪ್ಪಿನಕಾಯಿ ಮಾಡುವ ಯಾರದೋ ಹೆಸರು ತಕ್ಷಣ ಬಂದರೆ ಬಯೋ ಸರಿ ಇದೆ. "ಡಿಸೈನ್ ಬೇಕಾದವರಿಗೆ" ಅಂದರೆ ಮೊದಲ ಸಾಲು ಇನ್ನೂ ಸಡಿಲವಾಗಿದೆ.

ಮತ್ತೆ, ನಿಮ್ಮ ಪೋರ್ಟ್‌ಫೋಲಿಯೊ ತೆರೆದರೆ ಈಗ ಮೊದಲು ಕಾಣುವುದು 4 ಮದುವೆ ಕಾರ್ಡ್. ಬಯೋ ಒಂದು ಹೇಳಿ ಚಿತ್ರ ಇನ್ನೊಂದು ತೋರಿಸಿದರೆ ಓದಿದವರು ಚಿತ್ರವನ್ನೇ ನಂಬುತ್ತಾರೆ. ಕಾರ್ಡ್‌ಗಳನ್ನು ಕೆಳಗೆ ಸರಿಸಿ, ಆ ಚಟ್ನಿಪುಡಿ ಪೌಚ್ ಅನ್ನು ಮೇಲೆ ತನ್ನಿ. ಅದರ ಪಕ್ಕದಲ್ಲಿ ಕೈಬರಹದ ಹಳೆಯ ಚೀಟಿಯ ಫೋಟೋ ಇರಲಿ, ಅವರ ಹತ್ತಿರ ಒಂದಾದರೂ ಉಳಿದಿದೆಯಾ ಅಂತ ಇವತ್ತೇ ಕೇಳಿಬಿಡಿ.