ಜೆರಂಡೋ ಪಾರ್ಟಿಸಿಪಲ್ಲೋ? ಕನ್ನಡದ ಬಾಲ ನೋಡಿ ಹೇಳಬಹುದು

ಪ್ರಶ್ನೆ: ಸರ್, ನಾನು 9ನೇ ತರಗತಿ, ಕನ್ನಡ ಮಾಧ್ಯಮ. ಇಂಗ್ಲಿಷ್‌ನಲ್ಲಿ ‘ಇಂಗ್’ ಬಂದ ಪದವನ್ನು ಒಮ್ಮೆ ಜೆರಂಡ್ ಅಂತಾರೆ, ಒಮ್ಮೆ ಪಾರ್ಟಿಸಿಪಲ್ ಅಂತಾರೆ, ಮತ್ತೊಮ್ಮೆ ಅದರ ಹಿಂದೆ ಆಕ್ಸಿಲಿಯರಿ ವರ್ಬ್ ಇದೆ ಅಂತಾರೆ. ಪದ ನೋಡಿದರೆ ಎಲ್ಲ ಒಂದೇ ಥರ ಕಾಣಿಸುತ್ತೆ. ಗುರುತು ಹಿಡಿಯೋದು ಹೇಗೆ?
– ಒಬ್ಬ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ಪದವನ್ನು ಎಷ್ಟು ಹೊತ್ತು ನೋಡಿದರೂ ಗೊತ್ತಾಗುವುದಿಲ್ಲ, ಏಕೆಂದರೆ ಇಂಗ್ಲಿಷ್ ಮೂರು ನಾಲ್ಕು ಕೆಲಸಕ್ಕೂ ಒಂದೇ ರೂಪ ಬಳಸುತ್ತದೆ. ಕನ್ನಡ ಹಾಗೆ ಮಾಡುವುದಿಲ್ಲ. ಪ್ರತಿ ಕೆಲಸಕ್ಕೂ ಬೇರೆ ಪ್ರತ್ಯಯ ಹಚ್ಚುತ್ತದೆ. ಆದ್ದರಿಂದ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡು, ಕ್ರಿಯಾಪದದ ಬಾಲ ಏನಾಯಿತು ಅಂತ ನೋಡು.

‘ಸಿಂಗಿಂಗ್’ ಒಂದನ್ನೇ ಹಿಡಿಯೋಣ. ‘ಸಿಂಗಿಂಗ್ ಈಸ್ ಈಸಿ’ ಎಂದರೆ ಹಾಡುವುದು ಸುಲಭ. ‘ದ ಸಿಂಗಿಂಗ್ ಗರ್ಲ್’ ಎಂದರೆ ಹಾಡುವ ಹುಡುಗಿ. ‘ಶಿ ಕೇಮ್ ಸಿಂಗಿಂಗ್’ ಎಂದರೆ ಹಾಡುತ್ತ ಬಂದಳು. ‘ಶಿ ಈಸ್ ಸಿಂಗಿಂಗ್’ ಎಂದರೆ ಹಾಡುತ್ತಿದ್ದಾಳೆ. ಹಾಡುವುದು, ಹಾಡುವ, ಹಾಡುತ್ತ, ಹಾಡುತ್ತಿದ್ದಾಳೆ: ಬಾಲ ನಾಲ್ಕೂ ಕಡೆ ಬೇರೆ.

ಮೊದಲನೆಯದು ಜೆರಂಡ್. ಅದು ಕ್ರಿಯಾಪದದಿಂದ ಹುಟ್ಟಿದ ನಾಮಪದ. ನಿನ್ನ ಕನ್ನಡ ವ್ಯಾಕರಣದ ಕೃದಂತ ಭಾವನಾಮಕ್ಕೆ ಹತ್ತಿರದ ನೆಂಟ. ನಾಮಪದ ಎಂಬುದಕ್ಕೆ ಸಾಕ್ಷಿ ಏನೆಂದರೆ, ಅದಕ್ಕೆ ವಿಭಕ್ತಿ ಹತ್ತುತ್ತದೆ. ‘ಐ ಎಂಜಾಯ್ ಸಿಂಗಿಂಗ್’ ಅಂದರೆ ಹಾಡುವುದನ್ನು ಇಷ್ಟಪಡುತ್ತೇನೆ. ‘ಶಿ ಈಸ್ ಗುಡ್ ಎಟ್ ಸಿಂಗಿಂಗ್’ ಅಂದರೆ ಹಾಡುವುದರಲ್ಲಿ ಜಾಣೆ. ‘ಥ್ಯಾಂಕ್ಸ್ ಫಾರ್ ಸಿಂಗಿಂಗ್’ ಅಂದರೆ ಹಾಡಿದ್ದಕ್ಕೆ ಧನ್ಯವಾದ. ಅನ್ನು, ಅಲ್ಲಿ, ಕ್ಕೆ ಇವುಗಳಲ್ಲಿ ಯಾವುದಾದರೂ ಹತ್ತಿಕೊಂಡಿತು ಎಂದರೆ ಅದು ಜೆರಂಡ್.

ಹಾಡುವ, ಹಾಡುತ್ತ ಎರಡೂ ಪಾರ್ಟಿಸಿಪಲ್. ‘ಹಾಡುವ’ ಎಂಬುದು ಮುಂದಿನ ನಾಮಪದವನ್ನು ವಿಶೇಷಣದ ಹಾಗೆ ವರ್ಣಿಸುತ್ತದೆ. ‘ಹಾಡುತ್ತ’ ಎಂಬುದು ಮುಂದಿನ ಕ್ರಿಯೆ ಹೇಗೆ ನಡೆಯಿತು ಅಂತ ಹೇಳುತ್ತದೆ. ಕನ್ನಡದಲ್ಲಿ ಅದು ಕೃದಂತಾವ್ಯಯ. ಎರಡಕ್ಕೂ ಇಂಗ್ಲಿಷ್‌ನಲ್ಲಿ ಪ್ರೆಸೆಂಟ್ ಪಾರ್ಟಿಸಿಪಲ್ ಎಂಬ ಒಂದೇ ಹೆಸರು.

ಇನ್ನು ನಾಲ್ಕನೆಯದನ್ನು ಬಿಡಿಸಿ ನೋಡು: ಹಾಡುತ್ತ + ಇದ್ದಾಳೆ. ‘ಹಾಡುತ್ತ’ ಅದೇ ಪಾರ್ಟಿಸಿಪಲ್. ಹೊಸದಾಗಿ ಸೇರಿದ್ದು ‘ಇರು’ ಧಾತು. ಈಗ ಕಾಲ ಬದಲಿಸು. ಹಾಡುತ್ತಿದ್ದಾಳೆ, ಹಾಡುತ್ತಿದ್ದಳು, ಹಾಡುತ್ತಿರುತ್ತಾಳೆ. ‘ಹಾಡುತ್ತ’ ಅಲುಗಲಿಲ್ಲ, ಬದಲಾದದ್ದು ‘ಇರು’ ಮಾತ್ರ. ಇಂಗ್ಲಿಷ್‌ನಲ್ಲೂ ಹಾಗೆಯೇ: ಈಸ್ ಸಿಂಗಿಂಗ್, ವಾಸ್ ಸಿಂಗಿಂಗ್, ವಿಲ್ ಬಿ ಸಿಂಗಿಂಗ್. ಅರ್ಥದ ಭಾರ ಮುಖ್ಯ ಕ್ರಿಯಾಪದದ ಮೇಲೆ, ಕಾಲದ ಭಾರ ಇನ್ನೊಂದರ ಮೇಲೆ. ಹೀಗೆ ಕಾಲ ಹೊರುವ ಆ ಇನ್ನೊಂದೇ ಆಕ್ಸಿಲಿಯರಿ ವರ್ಬ್, ಅಂದರೆ ಸಹಾಯಕ ಕ್ರಿಯಾಪದ. ಕನ್ನಡದಲ್ಲಿ ಅದು ಮುಖ್ಯ ಕ್ರಿಯಾಪದದ ಹಿಂದಿನಿಂದ ಬಂದು ಅಂಟಿಕೊಳ್ಳುತ್ತದೆ, ಇಂಗ್ಲಿಷ್‌ನಲ್ಲಿ ಮೊದಲೇ ಬಂದು ನಿಲ್ಲುತ್ತದೆ.

‘ಡಿಡ್ ಯು ವೆಂಟ್?’ ಏಕೆ ತಪ್ಪು ಎಂಬುದೂ ಇದರಿಂದಲೇ ತಿಳಿಯುತ್ತದೆ. ಕನ್ನಡದಲ್ಲಿ ಪ್ರಶ್ನೆ ಕೇಳಲು ‘ಹೋದೆ’ಗೆ ‘ಆ’ ಸೇರಿಸಿ ‘ಹೋದೆಯಾ?’ ಅಂದರೆ ಮುಗಿಯಿತು, ಸಹಾಯಕ ಕ್ರಿಯಾಪದ ಬೇಕಿಲ್ಲ. ಇಂಗ್ಲಿಷ್ ಇಲ್ಲಿ ‘ಡು’ವನ್ನು ತರುತ್ತದೆ, ಅದು ‘ಡಿಡ್’ ಆಗಿ ಭೂತಕಾಲವನ್ನು ಹೊತ್ತುಕೊಂಡಿತು. ಕಾಲ ಒಂದೇ ಕಡೆ ಸಾಕು, ಹಾಗಾಗಿ ‘ಗೋ’ ಇದ್ದ ಹಾಗೇ ಉಳಿಯಬೇಕು.

ಪರೀಕ್ಷೆಯಲ್ಲಿ ಹೆಚ್ಚು ಮಕ್ಕಳು ಎಡವುವ ವಾಕ್ಯ ‘ಮೈ ಹಾಬಿ ಈಸ್ ಸಿಂಗಿಂಗ್’. ‘ಈಸ್’ ಕಂಡಿತು, ‘ಇಂಗ್’ ಕಂಡಿತು, ಪ್ರೆಸೆಂಟ್ ಕಂಟಿನ್ಯುಯಸ್ ಅಂತ ಬರೆದುಬಿಡುತ್ತಾರೆ. ಕನ್ನಡದಲ್ಲಿ ಹೇಳು: ‘ನನ್ನ ಹವ್ಯಾಸ ಹಾಡುತ್ತಿದೆ’ ಅಂತೀಯಾ? ಇಲ್ಲ, ‘ನನ್ನ ಹವ್ಯಾಸ ಹಾಡುವುದು’. ಬಾಲ ‘ವುದು’, ಆದ್ದರಿಂದ ಜೆರಂಡ್. ಇಲ್ಲಿಯ ‘ಈಸ್’ ಸಹಾಯಕ ಕ್ರಿಯಾಪದವೇ ಅಲ್ಲ. ‘ಅವರು ಶಿಕ್ಷಕರು’ ಎನ್ನುವಾಗ ಕನ್ನಡ ಕ್ರಿಯಾಪದ ಇಲ್ಲದೆಯೇ ಸಾಗುತ್ತದಲ್ಲ, ಅಂಥ ಜಾಗವನ್ನು ಇಂಗ್ಲಿಷ್ ಖಾಲಿ ಬಿಡಲಾರದೆ ತುಂಬಿದ ಮುಖ್ಯ ಕ್ರಿಯಾಪದ ಅದು.

ಈ ಬಾಲದ ಗುರುತು ಕೈಕೊಡುವ ಜಾಗವೂ ಒಂದಿದೆ. ‘ರೀಡಿಂಗ್ ರೂಮ್’ ಓದುವ ಕೋಣೆ, ‘ಸ್ಲೀಪಿಂಗ್ ಬ್ಯಾಗ್’ ಮಲಗುವ ಚೀಲ. ‘ಉವ’ ಬಂದಿದೆ ಅಂತ ಪಾರ್ಟಿಸಿಪಲ್ ಎಂದು ಬರೆದರೆ ತಪ್ಪು. ಓದುವುದು ಕೋಣೆಯಲ್ಲ, ಮಲಗುವುದು ಚೀಲವೂ ಅಲ್ಲ. ‘ವುದಕ್ಕೆ’ ಹಾಕಿ ನೋಡು: ಓದುವುದಕ್ಕೆ ಇರುವ ಕೋಣೆ, ಮಲಗುವುದಕ್ಕೆ ಇರುವ ಚೀಲ. ಅರ್ಥ ಕೂಡಿತು, ಹಾಗಾದರೆ ಅದು ಜೆರಂಡ್. ಅದೇ ‘ಸ್ಲೀಪಿಂಗ್ ಚೈಲ್ಡ್’ ಎಂದಾಗ ‘ಮಲಗುವುದಕ್ಕೆ ಇರುವ ಮಗು’ ಎನ್ನಲಾಗದು. ಮಲಗಿರುವುದು ಮಗುವೇ, ಆದ್ದರಿಂದ ಪಾರ್ಟಿಸಿಪಲ್.

ಪಾಸ್ಟ್ ಪಾರ್ಟಿಸಿಪಲ್ ವಿಷಯದಲ್ಲಿ ಮಾತ್ರ ಕನ್ನಡವನ್ನು ಪೂರ್ತಿ ನಂಬಬೇಡ. ನಾವು ‘ಪತ್ರ ಬರೆದ ಹುಡುಗಿ’ ಅಂತಲೂ ಹೇಳುತ್ತೇವೆ, ‘ಹುಡುಗಿ ಬರೆದ ಪತ್ರ’ ಅಂತಲೂ ಹೇಳುತ್ತೇವೆ. ‘ಬರೆದ’ ಕಾಲವನ್ನಷ್ಟೇ ಹೇಳುತ್ತದೆ. ಮುಂದಿನ ನಾಮಪದ ಬರೆದವಳೋ ಬರೆಸಿಕೊಂಡದ್ದೋ ಎಂಬುದು ಅದಕ್ಕೆ ಬೇಕಿಲ್ಲ. ಇಂಗ್ಲಿಷ್‌ಗೆ ಬೇಕು. ಕರ್ಮ ಪಡೆಯುವ ಕ್ರಿಯಾಪದವಾದರೆ ‘ಇಂಗ್’ ರೂಪ ಮಾಡುವವರ ಕಡೆ, ‘ರಿಟನ್’ನಂಥ ರೂಪ ಕ್ರಿಯೆಗೆ ಒಳಗಾದದ್ದರ ಕಡೆ ಬೆರಳು ತೋರಿಸುತ್ತದೆ. ‘ಎ ರಿಟನ್ ಲೆಟರ್’ ಸರಿ, ‘ಎ ರಿಟನ್ ಗರ್ಲ್’ ಆಗದು. ನಿನಗೆ ಬೇಜಾರಾದಾಗ ‘ಐ ಆಮ್ ಬೋರ್ಡ್’ ಅನ್ನಬೇಕು. ‘ಐ ಆಮ್ ಬೋರಿಂಗ್’ ಅಂದರೆ ನೀನೇ ಬೇರೆಯವರಿಗೆ ಬೇಜಾರು ಹುಟ್ಟಿಸುವವಳು ಅಂತಾಗುತ್ತದೆ. ‘ಫಾಲನ್ ಟ್ರೀ’ ಅಂದರೆ ಬಿದ್ದ ಮರ. ಬೀಳುವುದಕ್ಕೆ ಕರ್ಮವೇ ಇಲ್ಲದ್ದರಿಂದ ಅಲ್ಲಿ ಈ ತಕರಾರು ಬರುವುದಿಲ್ಲ.

‘ಇರು’ ಬಗ್ಗೆ ಇನ್ನೊಂದು ಮಾತು. ‘ಬಂದಿದ್ದಾಳೆ’ ಬಿಡಿಸಿದರೆ ಬಂದು + ಇದ್ದಾಳೆ. ‘ಇರು’ ಹಿಂದೆ ‘ಉತ್ತ’ ಇದ್ದರೆ ಇಂಗ್ಲಿಷ್‌ನಲ್ಲಿ ‘ಈಸ್’ ಜೊತೆ ‘ಇಂಗ್’, ‘ಬಂದು’ವಿನಂಥ ರೂಪ ಇದ್ದರೆ ‘ಹ್ಯಾಸ್’ ಜೊತೆ ಪಾಸ್ಟ್ ಪಾರ್ಟಿಸಿಪಲ್: ‘ಶಿ ಹ್ಯಾಸ್ ಕಮ್’. ಸಾಮಾನ್ಯವಾಗಿ ಈ ನಿಯಮ ನಡೆಯುತ್ತದೆ. ಆದರೆ ಕೂತಿದ್ದಾಳೆ, ನಿಂತಿದ್ದಾಳೆ, ಮಲಗಿದ್ದಾಳೆ ಎಂಬಂಥ ದೇಹದ ಭಂಗಿಯ ಮಾತು ಬಂದಾಗ ಹುಷಾರು. ಕೂತ ಮೇಲೆ ಉಳಿದ ಸ್ಥಿತಿಯನ್ನು ಕನ್ನಡ ಹೇಳುತ್ತದೆ, ಇಂಗ್ಲಿಷ್ ಅದನ್ನೇ ಈಗ ನಡೆಯುತ್ತಿರುವ ಕ್ರಿಯೆ ಎಂದು ಎಣಿಸುತ್ತದೆ. ಅಜ್ಜಿ ಕಟ್ಟೆ ಮೇಲೆ ಕೂತಿದ್ದಾಳೆ ಎನ್ನಲು ‘ಹ್ಯಾಸ್ ಸ್ಯಾಟ್’ ಎಂದು ಬರೆಯಬೇಡ, ‘ಈಸ್ ಸಿಟಿಂಗ್’ ಎಂದು ಬರೆ.